ಎರಡು ತರಗತಿಗಳ ಅಂಕಗಳ ಹೋಲಿಕೆ: ಟಿ-ಪರೀಕ್ಷೆಯ ಸಂಭವನೀಯತೆಯನ್ನು ಓದುವ ಬಗೆ

ಕನ್ನಡ ಬೋಧನೆಯನ್ನು ವಸ್ತುವಾಗಿ ಉಳ್ಳ ಸಂಶೋಧನೆಗಳಲ್ಲಿ ಎರಡು ತರಗತಿಗಳಿಗೆ ಒಂದೇ ಪ್ರಶ್ನೆಪತ್ರಿಕೆಯನ್ನು ಕೊಟ್ಟು, ಬಂದ ಅಂಕಗಳನ್ನು ಹೋಲಿಸುವ ಕ್ರಮ ಬಳಕೆಯಲ್ಲಿದೆ. ಲೆಕ್ಕವನ್ನು ಗಣಕಯಂತ್ರವೇ ಮಾಡಿಕೊಡುವುದರಿಂದ ಸಾಹಿತ್ಯದ ಹಿನ್ನೆಲೆಯ ಸಂಶೋಧಕರೂ ಟಿ-ಪರೀಕ್ಷೆಯನ್ನು ಸುಲಭವಾಗಿ ಬಳಸಬಲ್ಲರು. ತೊಡಕಿರುವುದು ಲೆಕ್ಕದಲ್ಲಿ ಅಲ್ಲ. ಲೆಕ್ಕಕ್ಕೆ ಮುನ್ನ ನಾವು ಕೇಳುವ ಪ್ರಶ್ನೆಯಲ್ಲಿ ಮತ್ತು ಲೆಕ್ಕದ ಬಳಿಕ ಬರುವ ಸಂಖ್ಯೆಗೆ ನಾವು ಹಚ್ಚುವ ಅರ್ಥದಲ್ಲಿ. ಒಂದೇ ಅಂಕಪಟ್ಟಿಯಿಂದ ಪರಸ್ಪರ ವಿರುದ್ಧವಾದ ಎರಡು ತೀರ್ಮಾನಗಳು ಹೇಗೆ ಹೊರಡಬಲ್ಲವು, ಅವುಗಳಲ್ಲಿ ಸರಿಯಾದುದನ್ನು ಗುರುತಿಸುವುದು ಹೇಗೆ ಎಂಬುದನ್ನು ಒಂದು ಉದಾಹರಣೆಯ ಮೂಲಕ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಉದಾಹರಣೆಯ ಸ್ವರೂಪ

ದಕ್ಷಿಣ ಕನ್ನಡ ಜಿಲ್ಲೆಯ ಶಾಲೆಗಳಲ್ಲಿ ಕನ್ನಡ ಕಲಿಯುವ ಅನೇಕ ಮಕ್ಕಳ ಮನೆಮಾತು ಕನ್ನಡವಲ್ಲ. ತುಳು ಮತ್ತು ಬ್ಯಾರಿ ಮನೆಮಾತಿನ ಮಕ್ಕಳ ಸಹಜ ಉಚ್ಚಾರಣೆಯಲ್ಲಿ ಅಲ್ಪಪ್ರಾಣ-ಮಹಾಪ್ರಾಣಗಳ ಭೇದ ಸಾಮಾನ್ಯವಾಗಿ ಉಳಿಯುವುದಿಲ್ಲ. ಆದ್ದರಿಂದ ದನ-ಧನ, ಬಾರಿ-ಭಾರಿ, ಕರ-ಖರ ಮುಂತಾದ ಜೋಡಿಗಳನ್ನು ಉಕ್ತಲೇಖನದಲ್ಲಿ ಸರಿಯಾಗಿ ಬರೆಸುವುದು ಅಲ್ಲಿನ ಅಧ್ಯಾಪಕರ ನಿಜವಾದ ಸಮಸ್ಯೆ. ಬಂಟ್ವಾಳದ ಒಂದು ಎಂಟನೆಯ ತರಗತಿಯಲ್ಲಿ ರೂಢಿಯ ಉಕ್ತಲೇಖನವನ್ನೂ, ಬೆಳ್ತಂಗಡಿಯ ಒಂದು ಎಂಟನೆಯ ತರಗತಿಯಲ್ಲಿ ಪದಜೋಡಿಗಳನ್ನು ಗಟ್ಟಿಯಾಗಿ ಓದಿಸಿ ಬರೆಯಿಸುವ ವಿಧಾನವನ್ನೂ ಅನುಸರಿಸಿ, ಕೊನೆಗೆ ಎರಡಕ್ಕೂ 25 ಪದಗಳ ಒಂದೇ ಪರೀಕ್ಷೆಯನ್ನು ಕೊಡಲಾಯಿತೆಂದು ಭಾವಿಸೋಣ. ಮುಂದಿನ ಅಂಕಗಳು ವಿವರಣೆಗಾಗಿ ಕಲ್ಪಿಸಿಕೊಂಡವು. ಯಾವುದೇ ಶಾಲೆಯ ದಾಖಲೆಗಳಲ್ಲ. ಲೆಕ್ಕವನ್ನು ಕೈಯಲ್ಲಿಯೇ ಪರಿಶೀಲಿಸಲು ಅನುಕೂಲವಾಗಲೆಂದು ಪ್ರತಿ ತರಗತಿಯಿಂದ ಹತ್ತು ಮಕ್ಕಳನ್ನು ಮಾತ್ರ ತೆಗೆದುಕೊಂಡಿದೆ.

ಬಂಟ್ವಾಳ: 12, 15, 17, 14, 19, 11, 16, 18, 13, 15

ಬೆಳ್ತಂಗಡಿ: 14, 18, 20, 13, 21, 17, 19, 16, 12, 20

ಮೊದಲನೆಯದರ ಸರಾಸರಿ 15, ಎರಡನೆಯದರ ಸರಾಸರಿ 17. ವ್ಯತ್ಯಾಸ 2 ಅಂಕ. ಆದರೆ ಒಂದೇ ತರಗತಿಯ ಒಳಗಿನ ಅಂಕಗಳೂ 11ರಿಂದ 19ರವರೆಗೆ, 12ರಿಂದ 21ರವರೆಗೆ ಹರಡಿಕೊಂಡಿವೆ. ಮಾನಕ ವಿಚಲನೆಗಳು ಕ್ರಮವಾಗಿ 2.58 ಮತ್ತು 3.16. ಮಕ್ಕಳ ನಡುವೆಯೇ ಇಷ್ಟು ಅಂತರವಿರುವಾಗ, ತರಗತಿಗಳ ನಡುವಣ 2 ಅಂಕಗಳ ಅಂತರಕ್ಕೆ ಎಷ್ಟು ಬೆಲೆ ಕೊಡಬೇಕು ಎಂಬುದೇ ಪ್ರಶ್ನೆ.

ಡಬ್ಲಿನ್‌ನ ಗಿನ್ನೆಸ್ ಮದ್ಯ ತಯಾರಿಕಾ ಸಂಸ್ಥೆಯಲ್ಲಿದ್ದ ವಿಲಿಯಂ ಸೀಲಿ ಗಾಸೆಟ್ 1908ರಲ್ಲಿ ‘ಸ್ಟೂಡೆಂಟ್’ ಎಂಬ ಗುಪ್ತನಾಮದಿಂದ ಪ್ರಕಟಿಸಿದ ಲೇಖನ ಎದುರಿಸಿದ್ದು ಮೂಲತಃ ಇದೇ ಬಗೆಯ ಪ್ರಶ್ನೆಯನ್ನು. ಕೆಲವೇ ಮಾದರಿಗಳಿಂದ ಪಡೆದ ಸರಾಸರಿಯನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದು ಅವನ ಸಮಸ್ಯೆಯಾಗಿತ್ತು. ಹತ್ತು-ಇಪ್ಪತ್ತು ಮಕ್ಕಳ ತರಗತಿಗೂ ಈ ಪರೀಕ್ಷೆ ಅನ್ವಯಿಸುವುದು ಆ ಕಾರಣದಿಂದಲೇ.

2. ಸೂತ್ರದ ಬಳಕೆ

ಎಕ್ಸೆಲ್‌ನಲ್ಲಿ ಬಂಟ್ವಾಳದ ಅಂಕಗಳನ್ನು B2ರಿಂದ B11ರವರೆಗೆ, ಬೆಳ್ತಂಗಡಿಯ ಅಂಕಗಳನ್ನು C2ರಿಂದ C11ರವರೆಗೆ ತುಂಬಿ, ಖಾಲಿ ಕೋಶವೊಂದರಲ್ಲಿ ಹೀಗೆ ಬರೆಯಬೇಕು:

```
=T.TEST(B2:B11,C2:C11,2,3)
```

2010ಕ್ಕಿಂತ ಹಿಂದಿನ ಎಕ್ಸೆಲ್ ಆವೃತ್ತಿಗಳಲ್ಲಿ ಇದರ ಹೆಸರು `TTEST`. ಆ ಹೆಸರು ಈಗಲೂ ನಡೆಯುತ್ತದೆ. ಆವರಣದೊಳಗಿನ ಮೊದಲೆರಡು ಭಾಗಗಳು ಅಂಕಗಳಿರುವ ಸಾಲುಗಳನ್ನು ಸೂಚಿಸುತ್ತವೆ. ಮೂರನೆಯದು ಒಂದು ಬದಿಯ ವ್ಯತ್ಯಾಸವನ್ನು ನೋಡಬೇಕೋ (1), ಎರಡೂ ಬದಿಯದನ್ನು ನೋಡಬೇಕೋ (2) ಎಂಬುದನ್ನು ತಿಳಿಸುತ್ತದೆ. ನಾಲ್ಕನೆಯದು ಪರೀಕ್ಷೆಯ ಬಗೆ: 1 ಎಂದರೆ ಜೋಡಿ ಅಂಕಗಳು, 2 ಎಂದರೆ ಬೇರೆಬೇರೆ ಗುಂಪುಗಳು, ಆದರೆ ಅಂಕಗಳ ಹರಹು ಎರಡರಲ್ಲಿಯೂ ಸಮಾನವೆಂಬ ಗ್ರಹಿಕೆ, 3 ಎಂದರೆ ಬೇರೆಬೇರೆ ಗುಂಪುಗಳು, ಹರಹು ಸಮಾನವೆಂಬ ಗ್ರಹಿಕೆ ಇಲ್ಲ.

ಮೇಲಿನ ಸೂತ್ರ ನೀಡುವ ಉತ್ತರ 0.139. ಕೊನೆಯ 3ರ ಬದಲಿಗೆ 2 ಎಂದು ಬರೆದರೂ ಉತ್ತರ ಮೂರು ದಶಮಾಂಶ ಸ್ಥಾನಗಳವರೆಗೆ ಅದೇ ಆಗಿರುತ್ತದೆ. ಎರಡೂ ತರಗತಿಗಳಲ್ಲಿ ಮಕ್ಕಳ ಸಂಖ್ಯೆ ಸಮಾನವಾಗಿದ್ದಾಗ ಈ ಎರಡು ಬಗೆಗಳ ನಡುವೆ ಅಂತರ ಬಹಳ ಕಡಿಮೆ. ಸಂಖ್ಯೆಯೂ ಹರಹೂ ಒಟ್ಟಿಗೆ ಬೇರೆಯಾದಾಗ 2ನೆಯ ಬಗೆ ದಾರಿ ತಪ್ಪಿಸಬಹುದಾದುದರಿಂದ, ಬೇರೆಬೇರೆ ತರಗತಿಗಳಿಗೆ 3ನ್ನೇ ರೂಢಿಯಾಗಿ ಬಳಸುವುದು ಕ್ಷೇಮ.

3. 0.139 ಎಂದರೆ ಏನು?

ಇಪ್ಪತ್ತು ಉತ್ತರಪತ್ರಿಕೆಗಳಿಂದ ಶಾಲೆಯ ಹೆಸರನ್ನು ಅಳಿಸಿ, ಎಲ್ಲವನ್ನೂ ಒಂದೇ ಕಟ್ಟಾಗಿ ಕಲಸಿ, ಕಣ್ಣುಮುಚ್ಚಿ ಹತ್ತು-ಹತ್ತರ ಎರಡು ಕಟ್ಟುಗಳಾಗಿ ಹಂಚಿದೆವೆಂದುಕೊಳ್ಳೋಣ. ಈ ಹಂಚಿಕೆಯಲ್ಲಿ ಬೋಧನಾ ವಿಧಾನಕ್ಕೆ ಯಾವ ಪಾತ್ರವೂ ಇಲ್ಲ. ಆದರೂ ಎರಡು ಕಟ್ಟುಗಳ ಸರಾಸರಿಗಳು ಒಂದೇ ಆಗಿರುವುದು ಅಪರೂಪ. ಹೀಗೆ ಮತ್ತೆ ಮತ್ತೆ ಹಂಚುತ್ತ ಹೋದರೆ, 2 ಅಂಕ ಅಥವಾ ಅದಕ್ಕಿಂತ ಹೆಚ್ಚಿನ ಅಂತರ, ಯಾವ ಕಡೆಗಾದರೂ ಸರಿ, ಆರೇಳು ಸಲಕ್ಕೊಮ್ಮೆ ಕಾಣಿಸಿಕೊಳ್ಳುತ್ತದೆ. 0.139 ಎಂಬ ಸಂಖ್ಯೆ ಹೇಳುವುದು ಬಹುಮಟ್ಟಿಗೆ ಇದನ್ನೇ: ಎರಡು ವಿಧಾನಗಳ ಫಲದಲ್ಲಿ ಭೇದವೇ ಇಲ್ಲವೆಂದು ಒಪ್ಪಿಕೊಂಡರೂ, ಇಷ್ಟು ಅಥವಾ ಇದಕ್ಕಿಂತ ದೊಡ್ಡ ಅಂತರ ನೂರರಲ್ಲಿ ಸುಮಾರು 14 ಸಲ ಆಕಸ್ಮಿಕವಾಗಿ ಒದಗೀತು.

ಇದರಿಂದ ‘ವಿಧಾನಗಳಲ್ಲಿ ಭೇದವಿಲ್ಲದಿರುವ ಸಾಧ್ಯತೆ ಶೇಕಡ 14’ ಎಂದಾಗಲಿ, ‘ಹೊಸ ವಿಧಾನ ಉತ್ತಮವೆಂಬುದು ಶೇಕಡ 86ರಷ್ಟು ಖಚಿತ’ ಎಂದಾಗಲಿ ಬರೆಯಲಾಗದು. ಭೇದವಿಲ್ಲವೆಂಬುದು ಲೆಕ್ಕದ ಆರಂಭದಲ್ಲಿಯೇ ಇಟ್ಟುಕೊಂಡ ಷರತ್ತು. ಆ ಷರತ್ತು ಎಷ್ಟು ನಿಜವೆಂಬುದನ್ನು ಅದೇ ಲೆಕ್ಕ ಹೇಳಲಾರದು. ಅಮೆರಿಕದ ಸಂಖ್ಯಾಶಾಸ್ತ್ರ ಸಂಘ 2016ರಲ್ಲಿ ಹೊರಡಿಸಿದ ಹೇಳಿಕೆ ಈ ತಪ್ಪು ಓದನ್ನೇ ಎಚ್ಚರಿಸಿತ್ತು. ಸಾರ್ಥಕತೆಯ ಗಡಿಯೆಂದು ಬಳಸುವ 0.05 ಕೂಡ ಆರ್. ಎ. ಫಿಷರ್ 1925ರ ತನ್ನ ಗ್ರಂಥದಲ್ಲಿ ಅನುಕೂಲಕ್ಕಾಗಿ ಸೂಚಿಸಿ ರೂಢಿಗೆ ತಂದ ಗೆರೆ, ನಿಸರ್ಗದ ನಿಯಮವಲ್ಲ.

ಈ ಸಂಖ್ಯೆ ಅಂತರದ ಗಾತ್ರವನ್ನೂ ಹೇಳುವುದಿಲ್ಲ. ಮೇಲಿನ ಹತ್ತು ಅಂಕಗಳನ್ನೇ ನಾಲ್ಕು ನಾಲ್ಕು ಬಾರಿ ಬರೆದು ಪ್ರತಿ ತರಗತಿಯಲ್ಲಿ 40 ಮಕ್ಕಳಿದ್ದಾರೆಂದು ಭಾವಿಸಿದರೆ, ಸರಾಸರಿಗಳ ಅಂತರ 2 ಅಂಕವಾಗಿಯೇ ಉಳಿಯುತ್ತದೆ. ಸಂಭವನೀಯತೆ ಮಾತ್ರ ಸುಮಾರು 0.002ಕ್ಕೆ ಇಳಿಯುತ್ತದೆ. 25ರಲ್ಲಿ 2 ಅಂಕ ಬೋಧನೆಯ ದೃಷ್ಟಿಯಿಂದ ದೊಡ್ಡದೋ ಚಿಕ್ಕದೋ ಎಂಬುದನ್ನು ತೀರ್ಮಾನಿಸಬೇಕಾದವರು ಅಧ್ಯಾಪಕರೇ.

4. ಅದೇ ಅಂಕಗಳು, ಬೇರೆ ಉತ್ತರ

ಈಗ ಇದೇ ಎರಡು ಸಾಲುಗಳನ್ನು ಮೂಡುಬಿದಿರೆಯ ಒಂದೇ ತರಗತಿಯ ಅಂಕಗಳೆಂದು ಭಾವಿಸೋಣ. ಮೊದಲ ಸಾಲು ಹೊಸ ವಿಧಾನಕ್ಕೆ ಮುನ್ನ ಹತ್ತು ಮಕ್ಕಳು ಪಡೆದುದು; ಎರಡನೆಯ ಸಾಲು ಅದೇ ಮಕ್ಕಳು, ಅದೇ ಕ್ರಮದಲ್ಲಿ, ಆ ಬಳಿಕ ಪಡೆದುದು. ಇಲ್ಲಿ 12 ಮತ್ತು 14 ಒಂದೇ ಮಗುವಿನ ಅಂಕಗಳು. ಆದುದರಿಂದ ಬಗೆಯ ಸ್ಥಾನದಲ್ಲಿ 1 ಎಂದು ಬರೆಯಬೇಕು:

```
=T.TEST(B2:B11,C2:C11,2,1)
```

ಉತ್ತರ 0.039. ಅಂಕಗಳು ಬದಲಾಗಿಲ್ಲ, ಸರಾಸರಿಗಳು ಬದಲಾಗಿಲ್ಲ. ಫಲಿತಾಂಶ ಮಾತ್ರ 0.05ರ ಗೆರೆಯನ್ನು ದಾಟಿದೆ. ಜೋಡಿ ಪರೀಕ್ಷೆ ಮಗು-ಮಗುವಿನ ನಡುವಣ ಅಂತರವನ್ನು ಬದಿಗಿಟ್ಟು, ಪ್ರತಿಯೊಂದು ಮಗುವಿನ ಏರಿಳಿತವನ್ನಷ್ಟೇ ನೋಡುತ್ತದೆ. ಏರಿಳಿತಗಳು 2, 3, 3, -1, 2, 6, 3, -2, -1, 5. ಏಳು ಮಕ್ಕಳು ಏರಿದ್ದಾರೆ, ಮೂವರು ತುಸು ಇಳಿದಿದ್ದಾರೆ. ಜಾಣ ಮಗುವೂ ಹಿಂದುಳಿದ ಮಗುವೂ ತಮ್ಮೊಡನೆ ತಾವೇ ಹೋಲಿಕೆಗೊಳ್ಳುವುದರಿಂದ ಅದೇ 2 ಅಂಕ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ.

ಅಪಾಯವಿರುವುದು ಇಲ್ಲಿಯೇ. ಬಂಟ್ವಾಳ-ಬೆಳ್ತಂಗಡಿಗಳ ಹೋಲಿಕೆಯಲ್ಲಿ ಯಾರಾದರೂ 3ರ ಸ್ಥಾನದಲ್ಲಿ 1 ಎಂದು ಬರೆದರೆ ಎಕ್ಸೆಲ್ ಯಾವ ಆಕ್ಷೇಪವನ್ನೂ ಎತ್ತದೆ 0.039 ಎಂದು ಉತ್ತರಿಸುತ್ತದೆ. ಎರಡು ಸಾಲುಗಳ ಸಂಖ್ಯೆ ಬೇರೆಯಾಗಿದ್ದರೆ ಮಾತ್ರ `#N/A` ಎಂಬ ಸೂಚನೆ ಬರುತ್ತದೆ. ತಪ್ಪನ್ನು ಪತ್ತೆಹಚ್ಚಲು ಸರಳವಾದ ಉಪಾಯವೊಂದಿದೆ. ಎರಡನೆಯ ಸಾಲನ್ನಷ್ಟೇ ಏರಿಕೆಯ ಕ್ರಮದಲ್ಲಿ ಮರುಜೋಡಿಸಿದರೆ ಅರ್ಥ ಕೆಡುವುದೇ ಎಂದು ಕೇಳಿಕೊಳ್ಳಬೇಕು. ಮೂಡುಬಿದಿರೆಯ ಪಟ್ಟಿಯಲ್ಲಿ ಕೆಡುತ್ತದೆ, ಏಕೆಂದರೆ ಒಬ್ಬರ ಅಂಕ ಮತ್ತೊಬ್ಬರಿಗೆ ಹೋಗುತ್ತದೆ. ಅಲ್ಲಿ 1 ಸರಿ. ಬಂಟ್ವಾಳದ ಮೊದಲ ಮಗುವಿಗೂ ಬೆಳ್ತಂಗಡಿಯ ಮೊದಲ ಮಗುವಿಗೂ ಹಾಜರಿ ಪುಸ್ತಕದ ಕ್ರಮವನ್ನು ಬಿಟ್ಟರೆ ಸಂಬಂಧವಿಲ್ಲ. ಅಲ್ಲಿ 1 ತಪ್ಪು. ಪ್ರಬಂಧದಲ್ಲಿ ಉತ್ತರವನ್ನು ಮಾತ್ರ ಕೊಟ್ಟು ಪರೀಕ್ಷೆಯ ಬಗೆಯನ್ನು ಬರೆಯದಿದ್ದರೆ ಪರೀಕ್ಷಕರಿಗೆ ಈ ತಪ್ಪು ಕಾಣಿಸುವುದೇ ಇಲ್ಲ.

ಮೂರನೆಯ ಸ್ಥಾನದ 1 ಕೂಡ ಇಂತಹುದೇ ಆಮಿಷ. ಒಂದು ಬದಿಯೆಂದು ಬರೆದರೆ ಸಂಭವನೀಯತೆ ಸರಿಯಾಗಿ ಅರ್ಧವಾಗುತ್ತದೆ. ಈ ಸೂತ್ರ ಅಂತರದ ದಿಕ್ಕನ್ನು ಗಮನಿಸುವುದೇ ಇಲ್ಲ. ಹೊಸ ವಿಧಾನದ ತರಗತಿ ಹಿಂದೆ ಬಿದ್ದಿದ್ದರೂ ಅದೇ ಸಣ್ಣ ಸಂಖ್ಯೆಯನ್ನು ಕೊಡುತ್ತದೆ. ಅಂಕಗಳನ್ನು ನೋಡುವ ಮೊದಲೇ ಕಾರಣಸಹಿತ ನಿರ್ಧರಿಸಿರದಿದ್ದರೆ 2ನ್ನೇ ಬಳಸುವುದು ಯುಕ್ತ.

5. ಸೂತ್ರದ ಹೊರಗೆ ಉಳಿಯುವುದು

ಬಂಟ್ವಾಳ-ಬೆಳ್ತಂಗಡಿಗಳ ಉತ್ತರ 0.139ರ ಬದಲು 0.001 ಬಂದಿದ್ದರೂ ಅಂತರಕ್ಕೆ ಬೋಧನಾ ವಿಧಾನವೇ ಕಾರಣವೆಂದು ಸಾಧಿಸಿದಂತಾಗುತ್ತಿರಲಿಲ್ಲ. ಆಕಸ್ಮಿಕವೆನ್ನಲಾಗದಷ್ಟು ಅಂತರವಿದೆ ಎಂದಷ್ಟೇ ಅದರ ಸೂಚನೆ. ಒಂದು ವಿಧಾನಕ್ಕೆ ಒಂದೇ ತರಗತಿ ಇರುವಾಗ ವಿಧಾನ, ಅಧ್ಯಾಪಕ, ಊರು, ಮನೆಮಾತು ಎಲ್ಲವೂ ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ಗೌಡ ಸಾರಸ್ವತರ ಕೊಂಕಣಿಯಲ್ಲಿ ಮಹಾಪ್ರಾಣಗಳುಂಟು. ಆ ಮನೆಮಾತಿನ ಮಕ್ಕಳು ಒಂದು ತರಗತಿಯಲ್ಲಿ ಹೆಚ್ಚಾಗಿದ್ದರೆ, ಯಾವ ವಿಧಾನದಿಂದ ಕಲಿಸಿದರೂ ಈ ಪರೀಕ್ಷೆಯಲ್ಲಿ ಆ ತರಗತಿ ಮುಂದಿರುವುದು ಸಾಧ್ಯ. ಮೂಡುಬಿದಿರೆಯ ಬಗೆಯ ಹೋಲಿಕೆಗೂ ಮಿತಿಯಿದೆ: ನಡುವಣ ತಿಂಗಳುಗಳ ಓದು-ಬರಹ, ಅದೇ ಪದಗಳ ಪರಿಚಯ ಇವೂ ಅಂಕವನ್ನು ಏರಿಸಬಲ್ಲವು.

ಇದಕ್ಕೆ ಪರಿಹಾರ ಲೆಕ್ಕದಲ್ಲಿಲ್ಲ, ಯೋಜನೆಯಲ್ಲಿದೆ. ಪ್ರತಿ ತರಗತಿಯ ಮಕ್ಕಳನ್ನೇ ಚೀಟಿಯೆತ್ತಿ ಎರಡು ಗುಂಪು ಮಾಡಿ ಎರಡೂ ವಿಧಾನಗಳಿಗೆ ಹಂಚಬಹುದು; ಅದಾಗದಿದ್ದರೆ ಪ್ರತಿ ವಿಧಾನಕ್ಕೂ ಹಲವು ಶಾಲೆಗಳನ್ನು ಆಯ್ದು, ಒಂದೊಂದು ತರಗತಿಯ ಸರಾಸರಿಯನ್ನೇ ಒಂದು ಅಂಕವಾಗಿ ಹೋಲಿಸಬಹುದು. ಹೆಸರು ಮರೆಸಿ ಕಲಸಿದ ಉತ್ತರಪತ್ರಿಕೆಗಳನ್ನು ಒಬ್ಬರೇ ಮೌಲ್ಯಮಾಪನ ಮಾಡುವುದೂ ಅಗತ್ಯ.

6. ಫಲಿತಾಂಶದ ನಿರೂಪಣೆ

‘ಸಾರ್ಥಕ ವ್ಯತ್ಯಾಸ ಕಂಡುಬಂದಿಲ್ಲ’ ಎಂಬ ಒಂದೇ ವಾಕ್ಯದಿಂದ ಎರಡು ವಿಧಾನಗಳೂ ಸಮಾನವೆಂಬ ತಪ್ಪು ಭಾವನೆ ಬರುತ್ತದೆ. ಮೇಲಿನ ಉದಾಹರಣೆಯನ್ನು ಹೀಗೆ ನಿರೂಪಿಸಬಹುದು: ‘ಬಂಟ್ವಾಳದ ತರಗತಿಯ ಸರಾಸರಿ 15 (ಮಾನಕ ವಿಚಲನೆ 2.58), ಬೆಳ್ತಂಗಡಿಯದು 17 (3.16), ಪ್ರತಿಯೊಂದರಲ್ಲಿ ಮಕ್ಕಳು 10. ಹರಹು ಸಮಾನವೆಂದು ಗ್ರಹಿಸದ, ಎರಡು ಬದಿಯ ಟಿ-ಪರೀಕ್ಷೆಯ ಸಂಭವನೀಯತೆ 0.139. ಸರಾಸರಿಗಳ ಅಂತರ 2 ಅಂಕ. ಶೇಕಡ 95ರ ವಿಶ್ವಾಸದ ವ್ಯಾಪ್ತಿ -0.7ರಿಂದ 4.7 ಅಂಕ.’ ಹೊಸ ವಿಧಾನದ ತರಗತಿ ಸುಮಾರು ಐದು ಅಂಕ ಮುಂದಿರುವುದರಿಂದ ತುಸು ಹಿಂದಿರುವುದರವರೆಗಿನ ಯಾವ ಸಾಧ್ಯತೆಯನ್ನೂ ಇಪ್ಪತ್ತು ಮಕ್ಕಳ ಅಂಕಗಳು ತಳ್ಳಿಹಾಕಿಲ್ಲವೆಂಬುದು ಇದರಿಂದ ಓದುಗರಿಗೆ ನೇರವಾಗಿ ತಿಳಿಯುತ್ತದೆ. ಮುಂದಿನ ಸಂಶೋಧಕರು ಎಷ್ಟು ಮಕ್ಕಳನ್ನು, ಎಷ್ಟು ತರಗತಿಗಳನ್ನು ಒಳಗೊಳ್ಳಬೇಕೆಂದು ಯೋಜಿಸಿಕೊಳ್ಳಲು ಬೇಕಾದ ಸಂಖ್ಯೆಗಳೂ ಇವೇ.