ಅಜ್ಜಿಯ ಏಳು ಗಂಟೆ, ಚಿಕ್ಕಪ್ಪನ ಎಂಟೂವರೆ

ಮಕ್ಕಳೇ, ನಿಮ್ಮ ಮನೆ ಧಾರವಾಡದಲ್ಲಿದೆ ಎಂದುಕೊಳ್ಳಿ. ಅತ್ತೆ ಲಂಡನ್ನಿನಲ್ಲಿ, ಚಿಕ್ಕಪ್ಪ ಅಮೆರಿಕದ ನ್ಯೂಜೆರ್ಸಿಯಲ್ಲಿ ಇದ್ದಾರೆ. ಪ್ರತಿ ಭಾನುವಾರ ವಿಡಿಯೋ ಕರೆಯಲ್ಲಿ ಎಲ್ಲರನ್ನೂ ಒಟ್ಟಿಗೆ ನೋಡಬೇಕೆಂದು ಅಜ್ಜಿಗೆ ಆಸೆ. ಯಾವ ಹೊತ್ತು ಎಲ್ಲರಿಗೂ ಹೊಂದುತ್ತದೆ?

ಭೂಮಿ 24 ಗಂಟೆಗಳಲ್ಲಿ 360 ಡಿಗ್ರಿ ತಿರುಗುತ್ತದೆ. ಅಂದರೆ ಒಂದು ಡಿಗ್ರಿ ತಿರುಗಲು 4 ನಿಮಿಷ ಬೇಕು. ಲಂಡನ್ನಿನ ಗ್ರೀನಿಚ್ ಮೂಲಕ ಹಾದುಹೋಗುವ ರೇಖಾಂಶವೇ 0 ಡಿಗ್ರಿ. ಭಾರತದ ಗಡಿಯಾರಗಳು 82.5 ಡಿಗ್ರಿ ಪೂರ್ವ ರೇಖಾಂಶವನ್ನು ಅನುಸರಿಸುತ್ತವೆ. 82.5 ಅನ್ನು 4ರಿಂದ ಗುಣಿಸಿದರೆ 330 ನಿಮಿಷ, ಅಂದರೆ ಐದೂವರೆ ಗಂಟೆ. ನಾವು ಲಂಡನ್ನಿಗಿಂತ ಅಷ್ಟು ಮುಂದಿದ್ದೇವೆ. ನ್ಯೂಜೆರ್ಸಿಯವರು ಅನುಸರಿಸುವುದು 75 ಡಿಗ್ರಿ ಪಶ್ಚಿಮ ರೇಖಾಂಶವನ್ನು. ಅವರು ಲಂಡನ್ನಿಗಿಂತ 5 ಗಂಟೆ ಹಿಂದೆ, ನಮಗಿಂತ ಹತ್ತೂವರೆ ಗಂಟೆ ಹಿಂದೆ.

ಚಿಕ್ಕಪ್ಪ ಬೆಳಿಗ್ಗೆ 7ಕ್ಕೆ ಏಳುತ್ತಾರೆ. ಆಗ ನಮ್ಮಲ್ಲಿ ಸಂಜೆ 5.30. ಅಜ್ಜಿ ರಾತ್ರಿ 9ಕ್ಕೆ ಮಲಗುತ್ತಾರೆ. ಹಾಗಾದರೆ ಕರೆ ಈ ಮೂರೂವರೆ ಗಂಟೆಯೊಳಗೇ ಆಗಬೇಕು. ಆಗ ಲಂಡನ್ನಿನಲ್ಲಿ ಮಧ್ಯಾಹ್ನವಾದ್ದರಿಂದ ಅತ್ತೆಗೆ ತೊಂದರೆಯಿಲ್ಲ. ಅಜ್ಜಿಗೆ ಸಂಜೆ 7, ಅತ್ತೆಗೆ ಮಧ್ಯಾಹ್ನ 1.30, ಚಿಕ್ಕಪ್ಪನಿಗೆ ಬೆಳಿಗ್ಗೆ 8.30 ಎಂದು ನಿಗದಿಯಾಯಿತು. ಚಳಿಗಾಲವಿಡೀ ಇದು ಸರಿಯಾಗಿ ನಡೆಯಿತು.

2025ರ ಮಾರ್ಚ್ 9ರ ಭಾನುವಾರ ಏನಾಯಿತು ನೋಡಿ. ಚಿಕ್ಕಪ್ಪ ಎಂದಿನಂತೆ 8.30ಕ್ಕೆ ಕರೆ ಮಾಡಿದರು. ನಮ್ಮಲ್ಲಿ ಆಗಿನ್ನೂ ಸಂಜೆ 6. ಅಜ್ಜಿ ಗುಡಿಗೆ ಹೋಗಿದ್ದರು. 7ಕ್ಕೆ ಅವರು ಫೋನಿನ ಮುಂದೆ ಕುಳಿತಾಗ ಚಿಕ್ಕಪ್ಪ ಹೊರಗೆ ಹೋಗಿಯಾಗಿತ್ತು.

ತಪ್ಪು ಯಾರದು? ಯಾರದೂ ಅಲ್ಲ. ಬೇಸಿಗೆಯಲ್ಲಿ ಸಂಜೆಯ ಬೆಳಕು ಹೆಚ್ಚು ಹೊತ್ತು ಸಿಗಲೆಂದು ಅಮೆರಿಕದ ಬಹುಭಾಗದಲ್ಲಿ ಮಾರ್ಚ್ ತಿಂಗಳ ಎರಡನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ. ಬ್ರಿಟನ್ನಿನಲ್ಲೂ ಹೀಗೆಯೇ ಮಾಡುತ್ತಾರೆ, ಆದರೆ ಅದೇ ತಿಂಗಳ ಕೊನೆಯ ಭಾನುವಾರ. 2025ರಲ್ಲಿ ಅದು ಮಾರ್ಚ್ 30. ಭಾರತದಲ್ಲಿ ಈ ಪದ್ಧತಿ ಇಲ್ಲ.

ಆದ್ದರಿಂದ ಬದಲಾಗದ ಗಡಿಯಾರವನ್ನೇ ಆಧಾರವಾಗಿ ಇಟ್ಟುಕೊಳ್ಳುವುದು ಸುಲಭ. ಕರೆ ಯಾವಾಗಲೂ ಭಾರತದ ಸಂಜೆ 7ಕ್ಕೆ ಎಂದು ನಿಶ್ಚಯಿಸಿದರೆ ಅಜ್ಜಿ ಏನನ್ನೂ ಲೆಕ್ಕ ಹಾಕಬೇಕಿಲ್ಲ. ಮಾರ್ಚ್ 9ರಿಂದ ಚಿಕ್ಕಪ್ಪ 9.30ಕ್ಕೆ, ಮಾರ್ಚ್ 30ರಿಂದ ಅತ್ತೆ 2.30ಕ್ಕೆ ಕುಳಿತರೆ ಸಾಕು.

ನೀವೇ ಲೆಕ್ಕ ಹಾಕಿ: ಗಡಿಯಾರವನ್ನು ಮತ್ತೆ ಒಂದು ಗಂಟೆ ಹಿಂದಿಡುವುದು ಬ್ರಿಟನ್ನಿನಲ್ಲಿ ಅಕ್ಟೋಬರ್ ಕೊನೆಯ ಭಾನುವಾರ, ಅಮೆರಿಕದಲ್ಲಿ ನವೆಂಬರ್ ಮೊದಲ ಭಾನುವಾರ. ಅಕ್ಟೋಬರ್‌ನ ಆ ಕೊನೆಯ ಭಾನುವಾರ ಅಜ್ಜಿಗೆ ಸಂಜೆ 7 ಆದಾಗ ಉಳಿದಿಬ್ಬರಿಗೆ ಎಷ್ಟು ಗಂಟೆ?

(ಉತ್ತರ: ಅತ್ತೆಗೆ ಮಧ್ಯಾಹ್ನ 1.30, ಚಿಕ್ಕಪ್ಪನಿಗೆ ಬೆಳಿಗ್ಗೆ 9.30)