ಹೊರಟದ್ದು ಯಾವ ರೈಲು?

ಜರ್ಮನ್ ಕಲಿಸುವವರಿಗೆ ರೈಲು ತಪ್ಪಿದ ಕಥೆ ಅಂದರೆ ಒಂದು ಬಗೆಯ ಒಲವು. ನಡೆದು ಮುಗಿದ ಸಂಗತಿಯಾದ್ದರಿಂದ ಅದನ್ನು ಭೂತಕಾಲದಲ್ಲೇ ಹೇಳಬೇಕು. ಓಡುವುದು, ಹತ್ತುವುದು, ಇಳಿಯುವುದು, ತಲುಪುವುದು, ಹೊರಡುವುದು ಎಂದು ಕಲಿಯುವವರನ್ನು ಹೆಚ್ಚು ಕಾಡುವ ಕ್ರಿಯಾಪದಗಳೆಲ್ಲ ಇದರಲ್ಲಿ ತಾವಾಗಿಯೇ ಬಂದು ಸೇರುತ್ತವೆ. ಜೊತೆಗೆ ಕೊನೆಯಲ್ಲೊಂದು ತಿರುವು ಇದ್ದರೆ ಓದುಗ ಮತ್ತೆ ಮೊದಲಿಗೆ ಹೋಗಿ ಓದುತ್ತಾನೆ. ವ್ಯಾಕರಣ ಮನಸ್ಸಿಗೆ ಇಳಿಯುವುದು ಈ ಎರಡನೆಯ ಓದಿನಲ್ಲಿ.

ಇಂಥ ಕಥೆಗಳನ್ನು ಸಾಮಾನ್ಯವಾಗಿ ಬಿ1 ಮಟ್ಟದವರಿಗಾಗಿ ಬರೆಯುತ್ತಾರೆ. ಕೌನ್ಸಿಲ್ ಆಫ್ ಯುರೋಪ್ 2001ರಲ್ಲಿ ಪ್ರಕಟಿಸಿದ ಭಾಷಾ ಚೌಕಟ್ಟಿನಲ್ಲಿ ಎ1ರಿಂದ ಸಿ2ರವರೆಗೆ ಆರು ಮೆಟ್ಟಿಲುಗಳಿವೆ. ಬಿ1 ಮೂರನೆಯದು. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಕಲಿಯುವವರೂ ಇದೇ ಮೆಟ್ಟಿಲುಗಳನ್ನು ಏರುತ್ತಾರೆ. ಈ ಮಟ್ಟಕ್ಕೆ ಬಂದವರಿಗೆ ದಿನಬಳಕೆಯ ಪದಗಳು ಗೊತ್ತಿರುತ್ತವೆ, ಭೂತಕಾಲದ ರೂಪಗಳೂ ಪರಿಚಯವಾಗಿರುತ್ತವೆ. ಯಾವ ರೂಪವನ್ನು ಎಲ್ಲಿ ಬಳಸಬೇಕು ಎಂಬುದು ಮಾತ್ರ ಇನ್ನೂ ಕೈಗೆ ಹತ್ತಿರುವುದಿಲ್ಲ.

ಒಂದು ಕಥೆಯನ್ನೇ ಕಟ್ಟಿ ನೋಡೋಣ. ಊರು ಜರ್ಮನಿಯ ನಡುಭಾಗದ ಕಾಸೆಲ್. ಅಲ್ಲಿನ ವಿಲ್ಹೆಲ್ಮ್ಸ್‌ಹೋಹೆ ನಿಲ್ದಾಣದಲ್ಲಿ ಪ್ಲಾಟ್‌ಫಾರ್ಮ್‌ಗಳು ಕೆಳಗಿವೆ, ಪ್ರವೇಶ ಸಭಾಂಗಣ ಮೇಲಿದೆ. ಉದ್ದನೆಯ ಇಳಿಜಾರು ದಾರಿಗಳಲ್ಲಿ ಇಳಿದು ರೈಲಿಗೆ ಹೋಗಬೇಕು.

ಒಬ್ಬ ಹೆಂಗಸು ಹ್ಯಾಂಬರ್ಗ್‌ಗೆ ಹೊರಟಿದ್ದಾಳೆ. ಅವಳ ಐಸಿಇ ರೈಲಿನ ಸಮಯ ಬೆಳಿಗ್ಗೆ 9:02. ಅಗ್ಗದ ಟಿಕೆಟ್ ಕೊಂಡಿದ್ದಾಳೆ, ಆ ಟಿಕೆಟ್ ಆ ಒಂದು ರೈಲಿಗೆ ಮಾತ್ರ ಸಲ್ಲುತ್ತದೆ. ಟ್ರಾಮ್ ತಡವಾಗಿ ಬಂದಿತು. ಅವಳು ಸಭಾಂಗಣ ದಾಟಿ ಓಡಿದಳು, ಮೇಲಿನ ಫಲಕದತ್ತ ನೋಡಲಿಲ್ಲ. ಇಳಿಜಾರಿನ ತುದಿಗೆ ಬಂದಾಗ ಗಡಿಯಾರ 9:03 ತೋರಿಸುತ್ತಿತ್ತು. ಅವಳ ಕಣ್ಣೆದುರೇ ರೈಲು ಹೊರಟಿತು. ಪ್ಲಾಟ್‌ಫಾರ್ಮ್‌ನಲ್ಲಿ ಇನ್ನೂ ಹಲವರು ಸೂಟ್‌ಕೇಸ್ ಹಿಡಿದು ನಿಂತಿದ್ದರು. ಅವಳು ಸಿಟ್ಟಿನಿಂದ ಮೇಲೆ ಹತ್ತಿ ಬಂದಳು. ಯಂತ್ರದಲ್ಲಿ 10:02ರ ರೈಲಿಗೆ ದುಬಾರಿ ಟಿಕೆಟ್ ಕೊಂಡಳು, ಕಾಫಿ ಕುಡಿದಳು, ಅಕ್ಕನಿಗೆ ಫೋನ್ ಮಾಡಿ ಗೋಳು ಹೇಳಿಕೊಂಡಳು. 9:37ಕ್ಕೆ ಮತ್ತೆ ಕೆಳಗಿಳಿದಾಗ ಪ್ಲಾಟ್‌ಫಾರ್ಮ್ ಖಾಲಿಯಾಗಿತ್ತು. ಅಲ್ಲಿದ್ದ ರೈಲ್ವೆ ನೌಕರನಿಗೆ ಹಳೆಯ ಟಿಕೆಟ್ ತೋರಿಸಿ, "ನನ್ನ ರೈಲು ತಪ್ಪಿಹೋಯಿತು" ಎಂದಳು. ಅವನು ತಲೆಯಾಡಿಸಿದ. "ಹೌದು, 9:02ರ ಗಾಡಿ ಈಗಷ್ಟೇ ಹೋಯಿತು, ಇಪ್ಪತ್ತೈದು ನಿಮಿಷ ತಡ. ನೀವು ನೋಡಿದ್ದು 8:02ರದ್ದು."

ತನ್ನ ರೈಲು ತಪ್ಪಿತೆಂದು ನಂಬಿದ್ದರಿಂದಲೇ ಅವಳಿಗೆ ರೈಲು ತಪ್ಪಿತು.

ಈ ತಿರುವು ಆಕಾಶದಿಂದ ಉದುರಿದ್ದಲ್ಲ. ಡಾಯ್ಚ ಬಾನ್ ಎಂಬ ಜರ್ಮನ್ ರೈಲ್ವೆಯ ಲೆಕ್ಕದಲ್ಲಿ ಆರು ನಿಮಿಷಕ್ಕಿಂತ ಕಡಿಮೆ ತಡವಾದರೆ ಅದು ತಡವೇ ಅಲ್ಲ. ಅಷ್ಟು ರಿಯಾಯಿತಿ ಕೊಟ್ಟರೂ 2024ರಲ್ಲಿ ದೂರದ ರೈಲುಗಳ ಸಮಯಪಾಲನೆ 62.5 ಶೇಕಡಾ ಮಾತ್ರ ಇತ್ತು. ಒಂದು ಗಂಟೆ ತಡವಾದ ರೈಲು ಮುಂದಿನ ರೈಲಿನ ಸಮಯಕ್ಕೆ ಸರಿಯಾಗಿ ಬಂದು ನಿಲ್ಲುವುದು ಆ ದೇಶದಲ್ಲಿ ಯಾರೂ ಹುಬ್ಬೇರಿಸದ ಸಂಗತಿ. ಇನ್ನೊಂದು ನಿಯಮ ಕಥೆಗೆ ಉಪ್ಪುಕಾರ ಹಾಕುತ್ತದೆ. ಊರು ತಲುಪುವುದು ಇಪ್ಪತ್ತು ನಿಮಿಷ ಅಥವಾ ಹೆಚ್ಚು ತಡವಾಗುವಂತಿದ್ದರೆ, ಒಂದೇ ರೈಲಿಗೆ ಸಲ್ಲುವ ಅಗ್ಗದ ಟಿಕೆಟ್ಟಿನ ಆ ಕಟ್ಟು ಸಡಿಲವಾಗುತ್ತದೆ. ಅದೇ ಟಿಕೆಟ್ಟಿನಲ್ಲಿ ಮುಂದಿನ ರೈಲಿಗೂ ಹೋಗಬಹುದು. ಅಂದರೆ ಅವಳು ದುಬಾರಿ ಟಿಕೆಟ್ ಕೊಳ್ಳುವ ಅಗತ್ಯವೇ ಇರಲಿಲ್ಲ.

ಇದನ್ನು ಜರ್ಮನ್‌ನಲ್ಲಿ ಬರೆಯಲು ಕುಳಿತಾಗ ಮೊದಲು ಎದುರಾಗುವ ಪ್ರಶ್ನೆ, ಯಾವ ಭೂತಕಾಲ ಎಂಬುದು. ಪ್ರೆಟೆರಿಟುಮ್ ಎಂಬುದು ಒಂದೇ ಪದದ ರೂಪ: ಫೂರ್ ಅಂದರೆ ಹೋಯಿತು, ಲೀಫ್ ಅಂದರೆ ಓಡಿದಳು, ಜಾ ಅಂದರೆ ನೋಡಿದಳು. ಪರ್ಫೆಕ್ಟ್ ಎಂಬುದಕ್ಕೆ ಸಹಾಯಕ ಕ್ರಿಯಾಪದ ಬೇಕು: ಇಸ್ಟ್ ಗೆಫಾರೆನ್, ಹಾಟ್ ಗೆಜೇಎನ್. ಅರ್ಥದಲ್ಲಿ ಎರಡಕ್ಕೂ ಅಂಥ ವ್ಯತ್ಯಾಸವಿಲ್ಲ, ಬಳಸುವ ಜಾಗ ಬೇರೆ. ಕಥೆ, ಕಾದಂಬರಿ, ಪತ್ರಿಕಾ ವರದಿಗಳಲ್ಲಿ ಪ್ರೆಟೆರಿಟುಮ್. ಬಾಯಿಮಾತಿನಲ್ಲಿ, ಅದರಲ್ಲೂ ಬವೇರಿಯಾ ಮತ್ತು ಆಸ್ಟ್ರಿಯಾ ಕಡೆ, ಪರ್ಫೆಕ್ಟ್. ಸ್ವಿಟ್ಜರ್ಲೆಂಡಿನ ಜರ್ಮನ್ ಆಡುನುಡಿಗಳಲ್ಲಂತೂ ಪ್ರೆಟೆರಿಟುಮ್ ಪೂರ್ತಿ ಅಳಿದುಹೋಗಿದೆ.

ಹಾಗಾಗಿ ನಮ್ಮ ಕಥೆಯಲ್ಲಿ ನಿರೂಪಕ ಪ್ರೆಟೆರಿಟುಮ್‌ನಲ್ಲಿ ಹೇಳುತ್ತಾನೆ, ರೈಲ್ವೆ ನೌಕರ ಪರ್ಫೆಕ್ಟ್‌ನಲ್ಲಿ ಮಾತಾಡುತ್ತಾನೆ. "ಈರ್ ಟ್ಸೂಕ್ ಇಸ್ಟ್ ಗೆರಾಡೆ ಆಪ್‌ಗೆಫಾರೆನ್", ನಿಮ್ಮ ರೈಲು ಈಗಷ್ಟೇ ಹೋಯಿತು. ಅವನ ಬಾಯಲ್ಲಿ ಪ್ರೆಟೆರಿಟುಮ್ ಹಾಕಿದರೆ ಪುಸ್ತಕ ಓದುತ್ತಿದ್ದಾನೇನೋ ಅನಿಸುತ್ತದೆ. ಕಲಿಯುವವರು ಬರೆದ ಕಥೆಗಳಲ್ಲಿ ಹೆಚ್ಚಾಗಿ ಕಾಣುವ ದೋಷವೂ ಇಲ್ಲಿಯದೇ: ಒಂದು ವಾಕ್ಯ ಪ್ರೆಟೆರಿಟುಮ್, ಮುಂದಿನದು ಪರ್ಫೆಕ್ಟ್, ಕಾರಣವಿಲ್ಲದೆ ಅತ್ತಿಂದಿತ್ತ ಜಿಗಿತ. ಉದ್ಧರಣ ಚಿಹ್ನೆಯ ಹೊರಗೆ ಒಂದು, ಒಳಗೆ ಇನ್ನೊಂದು ಎಂದು ಗೆರೆ ಎಳೆದುಕೊಂಡರೆ ಅರ್ಧ ಗೊಂದಲ ಅಲ್ಲೇ ತೀರುತ್ತದೆ.

ಇನ್ನು ಕಥೆಯ ಕೀಲಿರುವ ವಾಕ್ಯ. "ಆಲ್ಸ್ ಜೀ ಔಫ್ ಡೇಮ್ ಬಾನ್‌ಷ್ಟೈಕ್ ಆನ್‌ಕಾಮ್, ಫೂರ್ ಐನ್ ಟ್ಸೂಕ್ ಆಪ್." ಅವಳು ಪ್ಲಾಟ್‌ಫಾರ್ಮ್ ತಲುಪಿದಾಗ ರೈಲು ಹೊರಟಿತು. ಹಿಂದೆ ಒಮ್ಮೆ ಮಾತ್ರ ನಡೆದದ್ದನ್ನು ಹೇಳುವುದರಿಂದ ವಾಕ್ಯದ ಆರಂಭದಲ್ಲಿ ಆಲ್ಸ್ ಬರಬೇಕು. ಮತ್ತೆ ಮತ್ತೆ ನಡೆಯುವುದಕ್ಕೆ ಬಳಸುವ ವೆನ್ ಇಲ್ಲಿ ಸಲ್ಲದು. ಆನ್‌ಕಾಮ್ ಎಂಬ ಕ್ರಿಯಾಪದ ಉಪವಾಕ್ಯದ ಕೊನೆಗೆ ಹೋಗಿ ಕೂತಿದೆ. ಇಂಗ್ಲಿಷಿನಿಂದ ಬಂದವರು ಇಲ್ಲಿ ತಡವರಿಸುತ್ತಾರೆ. ಕ್ರಿಯಾಪದವನ್ನು ಕೊನೆಯಲ್ಲೇ ಇಟ್ಟು ಬೆಳೆದ ಕನ್ನಡಿಗರಿಗೆ ಇದು ಮನೆಯ ಅಂಗಳ.

ಆದರೆ ಈ ವಾಕ್ಯದಲ್ಲಿ ನಿಜವಾದ ಕೆಲಸ ಮಾಡುತ್ತಿರುವುದು ಐನ್ ಎಂಬ ಪುಟ್ಟ ಪದ. ಜರ್ಮನ್‌ನಲ್ಲಿ ನಾಮಪದದ ಮುಂದೆ ಏನಾದರೊಂದನ್ನು ಇಡಬೇಕು: ಐನ್ ಎಂದರೆ ಯಾವುದೋ ಒಂದು ರೈಲು, ಡೇರ್ ಎಂದರೆ ಆಗಲೇ ಗೊತ್ತಿರುವ ಆ ರೈಲು, ಈರ್ ಎಂದರೆ ಅವಳ ರೈಲು. ಕನ್ನಡದಲ್ಲಿ "ರೈಲು ಹೊರಟಿತು" ಎಂದಷ್ಟೇ ಹೇಳಿ ಯಾವುದೆಂದು ಮುಚ್ಚಿಡಬಹುದು. ಜರ್ಮನ್ ಕಥೆಗಾರನಿಗೆ ಆ ಸೌಲಭ್ಯವಿಲ್ಲ. ಅವನು "ಈರ್ ಟ್ಸೂಕ್" ಎಂದು ಬರೆದರೆ ಓದುಗನಿಗೆ ಸುಳ್ಳು ಹೇಳಿದಂತೆ, ತಿರುವು ಮೋಸವಾಗುತ್ತದೆ. "ಐನ್ ಟ್ಸೂಕ್" ಎಂದರೆ ನಿಜವನ್ನೇ ಹೇಳಿದಂತಾಯಿತು. ಇಂಥ ಪುಟ್ಟ ಪದಗಳು ಪ್ರತಿ ಸಾಲಿನಲ್ಲೂ ಬರುವುದರಿಂದ ಮೊದಲ ಓದಿನಲ್ಲಿ ಯಾರೂ ಗಮನಿಸುವುದಿಲ್ಲ. ಮುಂದಿನ ಸಾಲಿನಲ್ಲಿ "ಈರ್ ಟ್ಸೂಕ್ ವಾರ್ ವೆಕ್, ಡಾಖ್ಟೆ ಜೀ" ಎಂದು ಬರಬಹುದು. ತನ್ನ ರೈಲು ಹೋಯಿತು ಎಂದುಕೊಂಡವಳು ಅವಳು, ನಿರೂಪಕನಲ್ಲ.

ಪ್ಲಾಟ್‌ಫಾರ್ಮ್‌ನಲ್ಲಿ ಸೂಟ್‌ಕೇಸ್ ಹಿಡಿದು ನಿಂತವರೂ ಸುಮ್ಮನೆ ಬಂದವರಲ್ಲ. ರೈಲು ಹೊರಟ ಮೇಲೂ ಅಷ್ಟು ಜನ ಏಕೆ ಕಾಯುತ್ತಿದ್ದರು? ನೋಡದೆ ಬಿಟ್ಟ ಫಲಕವೂ ಅಂಥದೇ ಸುಳಿವು. ಸುಳಿವಿಲ್ಲದ ತಿರುವು, ಎಲ್ಲವೂ ಕನಸಾಗಿತ್ತು ಎಂಬಂಥದು, ಭಾಷೆ ಕಲಿಯುವವನಿಗೆ ಏನನ್ನೂ ಕೊಡುವುದಿಲ್ಲ; ಹಿಂದಿನ ಸಾಲುಗಳಿಗೆ ಮರಳಲು ಅವನಿಗೆ ಕಾರಣವೇ ಇರುವುದಿಲ್ಲ. ತಿರುವು ಒಂದು ಅಪರಿಚಿತ ಪದದ ಮೇಲೆ ನಿಂತರೂ ಅಷ್ಟೇ. ನಿಘಂಟು ತೆರೆಯುವಷ್ಟರಲ್ಲಿ ಅಚ್ಚರಿ ಆರಿಹೋಗಿರುತ್ತದೆ.

ಕೊನೆಗೆ ಮೂರನೆಯ ಭೂತಕಾಲ, ಪ್ಲುಸ್‌ಕ್ವಾಂಪರ್ಫೆಕ್ಟ್. ಹೆಸರು ಕೇಳಿ ಬೆದರಬೇಕಿಲ್ಲ. ಕನ್ನಡದ "ಹೊರಟಿತು" ಮತ್ತು "ಹೊರಟಿತ್ತು" ನಡುವೆ ಇರುವ ಅಂತರವೇ ಇದು. ಕಥೆ ನಡೆಯುತ್ತಿರುವ ಹೊತ್ತಿಗೆ ಆಗಲೇ ಮುಗಿದಿದ್ದ ಸಂಗತಿಗೆ ಈ ರೂಪ. "ಈರ್ ಟ್ಸೂಕ್ ವಾರ್ ಏರ್ಸ್ಟ್ ಫೋರ್ ಟ್ಸೇನ್ ಮಿನೂಟೆನ್ ಆಪ್‌ಗೆಫಾರೆನ್": ಅವಳ ರೈಲು ಹತ್ತು ನಿಮಿಷದ ಹಿಂದಷ್ಟೇ ಹೊರಟಿತ್ತು. "ಜೀ ಹಾಟೆ ಡೇನ್ ಫಾಲ್ಷೆನ್ ಟ್ಸೂಕ್ ಗೆಜೇಎನ್": ಅವಳು ಬೇರೆಯೇ ರೈಲನ್ನು ನೋಡಿದ್ದಳು. ಮೊದಲನೆಯದರಲ್ಲಿ ವಾರ್, ಎರಡನೆಯದರಲ್ಲಿ ಹಾಟೆ. ಒಂದೆಡೆಯಿಂದ ಇನ್ನೊಂದೆಡೆಗೆ ಹೋಗುವ ಕ್ರಿಯೆಗೆ ವಾರ್, ನೋಡುವುದು, ಕೊಳ್ಳುವುದು, ಕುಡಿಯುವುದು ಮುಂತಾದವಕ್ಕೆ ಹಾಟೆ. ರೈಲನ್ನು ತಪ್ಪಿಸಿಕೊಳ್ಳುವ ಫೆರ್‌ಪಾಸೆನ್ ಪ್ರಯಾಣದ ಮಾತೇ ಆದರೂ ಚಲನೆಯಲ್ಲ, ಅದಕ್ಕೂ ಹಾಟೆಯೇ. ಕಲಿಯುವವರು ಎಡವುವ ಜಾಗ ಇದು.

ಕಥೆ ಕೆಲಸ ಮಾಡಿದೆಯೇ ಎಂದು ತಿಳಿಯಲು ಅಧ್ಯಾಪಕರು ಒಂದೇ ಪ್ರಶ್ನೆ ಕೇಳಿದರೆ ಸಾಕು: 9:03ಕ್ಕೆ ಹೊರಟದ್ದು ಯಾವ ರೈಲು, 9:27ಕ್ಕೆ ಹೊರಟದ್ದು ಯಾವುದು? ಕಾಲರೇಖೆ ಎಳೆದು ಎರಡನ್ನೂ ಸರಿಯಾದ ಜಾಗದಲ್ಲಿ ಗುರುತಿಸಿದವನಿಗೆ ಪ್ಲುಸ್‌ಕ್ವಾಂಪರ್ಫೆಕ್ಟ್ ಅರ್ಥವಾಗಿದೆ. ನೌಕರನ ಮಾತಿನ ನಂತರವೇ ರೈಲು ಹೊರಟಿತೆಂದು ಬರೆದವನು ವಾರ್ ಪದವನ್ನು ಕಣ್ಣಾಡಿಸಿ ದಾಟಿದ್ದಾನೆ.

ನಂತರದ ಅಭ್ಯಾಸ ಇನ್ನಷ್ಟು ಸ್ವಾರಸ್ಯದ್ದು. ಗೋಥೆ ಸಂಸ್ಥೆಯ ಬಿ1 ಪರೀಕ್ಷೆಯ ಬರವಣಿಗೆ ವಿಭಾಗದಲ್ಲಿ ಸ್ನೇಹಿತರಿಗೆ ಸುಮಾರು 80 ಪದಗಳ ಇಮೇಲ್ ಬರೆಯುವ ಪ್ರಶ್ನೆಯಿದೆ. ಇದೇ ಕಥೆಯನ್ನು ಆ ಹೆಂಗಸೇ ಗೆಳತಿಗೆ ಬರೆದರೆ? ಸ್ನೇಹಿತರ ನಡುವಿನ ಪತ್ರ ಬಾಯಿಮಾತಿಗೆ ಹತ್ತಿರವಾದ್ದರಿಂದ ಲೀಫ್ ಹೋಗಿ "ಇಶ್ ಬಿನ್ ಗೆಲೌಫೆನ್" ಬರುತ್ತದೆ, ಜಾ ಹೋಗಿ "ಇಶ್ ಹಾಬೆ ಗೆಜೇಎನ್" ಬರುತ್ತದೆ. ವಾರ್, ಹಾಟೆ, "ಬಿಡಲಾಗಲಿಲ್ಲ, ಹೋಗಬೇಕಿತ್ತು" ಎಂಬಂಥ ರೂಪಗಳು ಮಾತಿನಲ್ಲೂ ಪ್ರೆಟೆರಿಟುಮ್‌ನಲ್ಲೇ ಉಳಿಯುತ್ತವೆ. ಪ್ಲುಸ್‌ಕ್ವಾಂಪರ್ಫೆಕ್ಟ್ ಕೂಡ ಹಾಗೇ ನಿಲ್ಲುತ್ತದೆ. ಕಷ್ಟ ಬೇರೆಡೆ ಇದೆ. ಪತ್ರ ಬರೆಯುವ ಹೊತ್ತಿಗೆ ಅವಳಿಗೆ ನಿಜ ಗೊತ್ತಾಗಿದೆ, ಆದರೂ ಗೆಳತಿಗೆ ಅಚ್ಚರಿ ಉಳಿಸಬೇಕು. ಹಾಗಾಗಿ ಅವಳೂ "ಮೈನ್ ಟ್ಸೂಕ್" ಎನ್ನದೆ "ಐನ್ ಟ್ಸೂಕ್" ಎಂದೇ ಬರೆಯಬೇಕು. ಇದನ್ನು ತಾನಾಗಿಯೇ ಕಂಡುಕೊಂಡ ವಿದ್ಯಾರ್ಥಿಗೆ ಅಧ್ಯಾಪಕರು ಬಿ2 ಪುಸ್ತಕ ತೆಗೆದುಕೊಡಲು ಅಡ್ಡಿಯಿಲ್ಲ.