ಹೊಂಡಕ್ಕೆ ಮೊದಲು ಬದು

ಜೋರು ಮಳೆ ನಿಂತ ತಕ್ಷಣ ಹೊಲದ ತೀರಾ ತಗ್ಗಿನ ಮೂಲೆಗೆ ಹೋಗಿ ನೋಡಿ. ಅಲ್ಲಿಂದ ಹೊರಬೀಳುವ ನೀರು ಚಹಾದ ಬಣ್ಣಕ್ಕಿದ್ದರೆ ಗೊಬ್ಬರ ತಿಂದ ಮೇಲ್ಮಣ್ಣು ಹೊಲ ಬಿಟ್ಟು ಹೊರಟಿದೆ. ಒಂದು ಎಕರೆಯಲ್ಲಿ ಒಂದೇ ಮಿಲಿಮೀಟರ್ ಮಣ್ಣು ಕೊಚ್ಚಿಹೋದರೂ ಅದರ ತೂಕ ಸುಮಾರು 5 ಟನ್. ವರ್ಷ ವರ್ಷ ನಡೆಯುವ ಈ ನಷ್ಟ ಎಷ್ಟೋ ರೈತರಿಗೆ ಅರಿವಾಗುವುದು ನೇಗಿಲಿಗೆ ಗರಸು ತಾಗಿದ ಮೇಲೆ.

ಕರ್ನಾಟಕದಲ್ಲಿ 2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ಬಯಲುಸೀಮೆಯ ಹೊಲಗಳಲ್ಲಿ ಕೃಷಿ ಹೊಂಡಗಳು ಹೆಚ್ಚಿದವು. ಒಳ್ಳೆಯ ಕೆಲಸವೇ. ಆದರೆ ಬದು ಇಲ್ಲದ ಇಳಿಜಾರಿನಲ್ಲಿ ಹೊಂಡ ತೋಡಿದರೆ ಕೆಲವೇ ಮಳೆಗಾಲಗಳಲ್ಲಿ ಅದು ಹೂಳಿನಿಂದ ತುಂಬುತ್ತದೆ. ಮಳೆನೀರು ಮೊದಲು ಹೊಲದಲ್ಲೇ ನಿಂತು ಇಂಗಬೇಕು. ಮಿಕ್ಕಿದ್ದು ತಿಳಿಯಾಗಿ ಹೊಂಡಕ್ಕೆ ಇಳಿಯಬೇಕು.

ನಮ್ಮಲ್ಲಿ ಬದು ಎಂದರೆ ಗಡಿಗುಂಟ ನೆಟ್ಟಗೆ ಏರಿಸಿದ ಮಣ್ಣು. ನೆಲ ನೆಟ್ಟಗಿರುವುದಿಲ್ಲ. ನೇರ ಬದುವಿಗೆ ಬಂದ ನೀರೆಲ್ಲ ತಗ್ಗಿನ ಕಡೆಗೆ ಸರಿದು, ಅಲ್ಲಿ ಬದುವನ್ನು ಒಡೆದು, ಕೆಳಗೆ ಕೊರಕಲು ಕೊರೆಯುತ್ತದೆ. ಸಮಪಾತಳಿ ಬದು ಹಾಗಲ್ಲ. ಅದು ಹೊಲದಲ್ಲಿ ಒಂದೇ ಎತ್ತರದಲ್ಲಿರುವ ಜಾಗಗಳನ್ನು ಕೂಡಿಸುತ್ತ ಬಳುಕಿ ಸಾಗುತ್ತದೆ. ನೀರು ಅದರ ಉದ್ದಕ್ಕೂ ಒಂದೇ ಸಮನೆ ಹರಡಿ ನಿಲ್ಲುತ್ತದೆ.

ಆ ಗೆರೆಯನ್ನು ಗುರುತಿಸಲು ದುಬಾರಿ ಯಂತ್ರ ಬೇಡ. ಸಮ ಉದ್ದದ ಎರಡು ಗಳುಗಳನ್ನು ಮೇಲ್ತುದಿಯಲ್ಲಿ ಕಟ್ಟಿ, ಕಾಲಗಲಿಸಿ, ನಡುವೆ ಅಡ್ಡಗೋಲು ಬಿಗಿಯಿರಿ. ಮೇಲಿಂದ ದಾರಕ್ಕೆ ಕಲ್ಲು ಕಟ್ಟಿ ಇಳಿಬಿಡಿ. ಎರಡು ಗೂಟಗಳ ಮೇಲೆ ಕಾಲುಗಳನ್ನೂರಿ, ದಾರ ಅಡ್ಡಗೋಲನ್ನು ಹಾಯುವಲ್ಲಿ ಗೆರೆ ಹಾಕಿ. ಕಾಲುಗಳನ್ನು ಅದಲುಬದಲು ಮಾಡಿ ಮತ್ತೊಂದು ಗೆರೆ ಹಾಕಿ. ಎರಡರ ನಟ್ಟನಡುವಿನ ಗುರುತೇ ಸಮಮಟ್ಟ. ಇನ್ನು ಒಂದು ಕಾಲನ್ನು ನೆಲದಲ್ಲೇ ಇಟ್ಟು, ದಾರ ಆ ಗುರುತಿಗೆ ಬರುವ ಜಾಗ ಸಿಗುವವರೆಗೆ ಇನ್ನೊಂದು ಕಾಲನ್ನು ಮೇಲೆ ಕೆಳಗೆ ಸರಿಸಿ ಗೂಟ ಹೊಡೆಯುತ್ತ ಹೋಗಬೇಕು. ಗಾಳಿ ಬೀಸುವಾಗ ಈ ಕೆಲಸಕ್ಕೆ ಇಳಿಯಬೇಡಿ, ದಾರ ಸುಳ್ಳು ಹೇಳುತ್ತದೆ.

ಕೆಂಪು ಮಣ್ಣಿನ ಐದು ಎಕರೆ ಹೊಲ, ನೂರು ಅಡಿಗೆ ಮೂರು ಅಡಿ ಇಳಿಜಾರು ಎಂದಿಟ್ಟುಕೊಳ್ಳೋಣ. ಅಲ್ಲಿ ನೆಲ ಸುಮಾರು ಮೂರು ಅಡಿ ಇಳಿದಲ್ಲೆಲ್ಲ, ಅಂದರೆ ನೂರು ಅಡಿಗೊಂದು ಬದು ಸಾಕು. ಬದುವಿಗೆ ಬೇಕಾದ ಮಣ್ಣನ್ನು ಮೇಲ್ಬದಿಯಿಂದ ತೆಗೆಯಿರಿ, ಆದರೆ ಗುಂಡಿಯನ್ನು ಬದುವಿನ ಬುಡಕ್ಕೇ ತಾಗಿಸಬೇಡಿ; ಒಂದಡಿ ನೆಲ ಬಿಡಿ. ಪ್ರತಿ ಬದುವಿಗೂ ಕಲ್ಲು ಹಾಸಿದ ಕೋಡಿ ಇರಬೇಕು. ಅದರ ಮಟ್ಟ ಬದುವಿನ ನೆತ್ತಿಗಿಂತ ಕೆಳಗಿರಬೇಕು. ಕೋಡಿ ಮರೆತ ಬದು ಮೊದಲ ದೊಡ್ಡ ಮಳೆಗೇ ಒಡೆಯುತ್ತದೆ. ಬದು ಹಾಕಿದ ವರ್ಷ ಮಣ್ಣು ಕುಸಿದು ಕೂರುವುದರಿಂದ ತಗ್ಗಿದ ಕಡೆ ಮತ್ತೆ ಏರಿಸಿ, ಮೇಲೆ ಲಾವಂಚವನ್ನೋ ಹುಲ್ಲನ್ನೋ ನೆಡಬೇಕು.

ಇದೇ ಬದು ಎಲ್ಲ ಕಡೆಗೂ ಹೊಂದುವುದಿಲ್ಲ. ಆಳವಾದ ಎರೆ ಭೂಮಿಯಲ್ಲಿ ನೀರು ಬೇಗ ಇಂಗದೆ ಬೆಳೆ ಕೊಳೆಯುತ್ತದೆ, ಬೇಸಿಗೆಯಲ್ಲಿ ಬದುವೇ ಬಿರುಕು ಬಿಡುತ್ತದೆ. ಅದಕ್ಕೇ ವಿಜಯಪುರದ ಕಡೆ ಹಿಂಗಾರಿಗೆ ಮುಂಚೆ ಹೊಲವನ್ನು ಚೌಕು ಮಡಿಗಳಾಗಿ ಕಟ್ಟುತ್ತಾರೆ. ಇಳಿಜಾರು ತೀರಾ ಕಡಿದಾದರೆ ಮೆಟ್ಟಿಲು ಗದ್ದೆಯೇ ದಾರಿ. ಮಳೆ ಹೆಚ್ಚಿರುವಲ್ಲಿ ಮೆಟ್ಟಿಲು ಗುಡ್ಡದ ಕಡೆಗೆ ತುಸು ವಾಲಿರಬೇಕು. ಇಲ್ಲವಾದರೆ ನೀರು ಅಂಚನ್ನು ಹಾರಿ ಇಡೀ ಸಾಲನ್ನು ಕೆಡವುತ್ತದೆ.

ಈಗ ಹೊಂಡ. ನಮ್ಮ ಐದು ಎಕರೆಯ ತಗ್ಗಿನಲ್ಲಿ, ಕೊನೆಯ ಕೋಡಿಯ ಕೆಳಗೆ ಅದರ ಜಾಗ. ಮೇಲೆ 12 ಮೀಟರ್ ಚೌಕ, 3 ಮೀಟರ್ ಆಳ, ಇಳಿಜಾರು ಬದಿಗಳಿಂದಾಗಿ ತಳ 6 ಮೀಟರ್ ಚೌಕ: ಇದರಲ್ಲಿ ಎರಡೂವರೆ ಲಕ್ಷ ಲೀಟರ್ ನೀರು ಹಿಡಿಯುತ್ತದೆ. 40 ಮಿಲಿಮೀಟರ್ ಮಳೆ ಸುರಿದರೆ ಐದು ಎಕರೆಗೆ ಎಂಟು ಲಕ್ಷ ಲೀಟರ್ ಬೀಳುತ್ತದೆ. ಬದುಗಳಲ್ಲಿ ಇಂಗಿ ಅದರ ಹತ್ತನೇ ಒಂದು ಪಾಲು ಕೋಡಿ ದಾಟಿದರೂ ಅಂಥ ಮೂರು ಮಳೆಗೆ ಹೊಂಡ ಬಹುಪಾಲು ತುಂಬಿತು. ಒಂದು ಎಕರೆಗೆ ಒಂದಂಗುಲ ನೀರು ಕೊಡಲು ಒಂದು ಲಕ್ಷ ಲೀಟರ್ ಬೇಕು. ಆವಿಯಾಗಿ ಹೋಗುವುದನ್ನು ಕಳೆದರೆ, ರಾಗಿ ತೆನೆ ಕಟ್ಟುವಾಗ ಮಳೆ ಕೈಕೊಟ್ಟರೆ ಎರಡು ಎಕರೆಗೆ ಒಂದು ಸಲ ನೀರು ಹಾಯಿಸಬಹುದು. ಅದಕ್ಕಿಂತ ಹೆಚ್ಚಿಗೆ ಆಸೆಪಟ್ಟು ಹೊಂಡದ ನೀರು ನಂಬಿ ಕಬ್ಬು ಹಾಕಬಾರದು.

ನೀರು ಒಳಬರುವ ಬಾಯಿಗೆ ಮುಂಚೆ ಹೂಳು ತಂಗಲು ಒಂದು ಸಣ್ಣ ಗುಂಡಿ ಬೇಕು. ಕೆಂಪು ಮಣ್ಣಿನಲ್ಲಿ ನೀರು ಜಿನುಗುವುದರಿಂದ ಹೊಂಡಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಬೇಕಾಗುತ್ತದೆ. ಆ ಹಾಳೆ ಒದ್ದೆಯಾದರೆ ವಿಪರೀತ ಜಾರುತ್ತದೆ. ಈಜು ಬಲ್ಲವರೂ ಹತ್ತಿ ಬರಲಾಗದೆ ಜೀವ ಬಿಟ್ಟಿದ್ದಾರೆ. ಸುತ್ತ ತಂತಿಬೇಲಿ ಹಾಕದೆ, ಒಳಗೆ ಗಂಟು ಹಾಕಿದ ಹಗ್ಗವೊಂದನ್ನು ಇಳಿಬಿಡದೆ, ದಯವಿಟ್ಟು ಹೊಂಡಕ್ಕೆ ನೀರು ಬಿಡಬೇಡಿ.